ಗುಂಡಿ ಅತ್ತೆ ಹೆಣೆದ ಎದೆಗಳು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗುಂಡಿ, ದಾರ, ಜಿಪ್ಪು, ಉಣ್ಣೆ ಮಾರುವ ಅಂಗಡಿ ಅವಳದು. ಹಾಗಾಗಿ ದೊಡ್ಡವರಿಗೂ ಚಿಕ್ಕವರಿಗೂ ಅವಳು ಗುಂಡಿ ಅತ್ತೆ. ಹೊಸದಾಗಿ ಬಂದವರು ಆ ಹೆಸರು ಕೇಳಿ, "ಯಾವ ಗುಂಡಿಗೆ ಬಿದ್ದಿದ್ರಿ?" ಎಂದು ತಮಾಷೆ ಮಾಡಿದರೆ, "ಇನ್ನೂ ಬಿದ್ದಿಲ್ಲ, ಅಂಚಲ್ಲೇ ಓಡಾಡ್ಕೊಂಡಿದೀನಿ" ಅನ್ನುತ್ತಿದ್ದಳು.

ಅಂಗಡಿ ಉದ್ದಕ್ಕೆ, ಅಗಲ ಅಷ್ಟಕ್ಕಷ್ಟೆ. ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಮಧ್ಯಾಹ್ನ ಬಿಸಿಲು ಬಾಗಿಲಿನಿಂದ ಒಳಗೆ ಬಂದು, ಗಾಜಿನ ಭರಣಿಗಳಲ್ಲಿದ್ದ ಗುಂಡಿಗಳನ್ನು ಒಂದೊಂದಾಗಿ ಮುಟ್ಟುತ್ತ ಹಿಂದಿನ ಗೋಡೆಯವರೆಗೆ ಹೋಗುತ್ತಿತ್ತು. ಆ ಹೊತ್ತಲ್ಲಿ ಗಿರಾಕಿಗಳು ಕಡಿಮೆ. ಗುಂಡಿ ಅತ್ತೆ ಸ್ಟೂಲಿನ ಮೇಲೆ ಕೂತು ಹೆಣೆಯುತ್ತಿದ್ದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ಮನಸ್ಸು ಎಲ್ಲೋ ತೇಲಿಕೊಂಡು ಹೋಗುತ್ತಿತ್ತು. ಯಾರಾದರೂ ಬಂದು ಎದುರಿಗೆ ನಿಂತು ಕೆಮ್ಮಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. "ಅತ್ತೆ ಊರಲ್ಲಿಲ್ಲ" ಎಂದು ಪಕ್ಕದ ಚಪ್ಪಲಿ ರಿಪೇರಿಯವನು ನಗುತ್ತಿದ್ದ. ಹೆಣೆಯುವಾಗ ಅವಳ ಮುಖ ನಿದ್ದೆಯಲ್ಲಿರುವ ಮಗುವಿನ ಮುಖದ ಹಾಗಿರುತ್ತಿತ್ತು, ತುಟಿ ಮಾತ್ರ ಏನನ್ನೋ ಗುನುಗುತ್ತಿತ್ತು.

ಮದುವೆ ಆಗಿರಲಿಲ್ಲ. ಅದಕ್ಕೇನೂ ದೊಡ್ಡ ಕತೆ ಇರಲಿಲ್ಲ. ಕೇಳಿಕೊಂಡು ಬಂದವರು ಹಿಡಿಸಲಿಲ್ಲ, ಹಿಡಿಸಿದವರು ಕೇಳಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವಳೂ ಅವಳ ಅಕ್ಕನೂ ಇದ್ದರು. ಅಕ್ಕನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅಕ್ಕನ ಮಗಳು ಹಲ್ಲಿನ ಡಾಕ್ಟರ ಬಳಿ ರೋಗಿಗಳಿಗೆ ಹೊತ್ತು ಗೊತ್ತುಮಾಡುವ ಕೆಲಸದಲ್ಲಿದ್ದಳು, ಎರಡು ಬೀದಿ ಆಚೆ ಗಂಡನ ಜೊತೆ ವಾಸ. ತಂಗಿ ಎಷ್ಟು ಮೆತ್ತಗೋ ಅಕ್ಕ ಅಷ್ಟೇ ಚುರುಕು. ನಾಲಿಗೆಯಲ್ಲಿ ಒಂದು ಸಣ್ಣ ಕತ್ತರಿ ಇಟ್ಟುಕೊಂಡೇ ಹುಟ್ಟಿದವಳು.

ಆ ಅಕ್ಕನಿಗೆ ಎದೆಯಲ್ಲಿ ಗಂಟು ಬಂತು. ಆಸ್ಪತ್ರೆ, ಪರೀಕ್ಷೆ, ಕಾಯುವುದು, ಮತ್ತೆ ಆಸ್ಪತ್ರೆ. ಎಡಗಡೆಯದನ್ನು ಪೂರ್ತಿ ತೆಗೆದರು. ಗಾಯ ಮಾಗಿ, ಓಡಾಡುವಂತಾದ ಮೇಲೆ ಅಕ್ಕ ಕುಪ್ಪಸದೊಳಗೆ ಕಾಲುಚೀಲ ಸುತ್ತಿ ಇಟ್ಟುಕೊಳ್ಳತೊಡಗಿದಳು. ಅದು ನಿಂತ ಕಡೆ ನಿಲ್ಲುತ್ತಿರಲಿಲ್ಲ. ಒಂದು ದಿನ ತರಕಾರಿ ಆರಿಸುವಾಗ ಜಾರಿ ಹೊಟ್ಟೆಗೆ ಬಂತು. ಮನೆಗೆ ಬಂದು ಅದನ್ನು ಹೊರಗೆಳೆದು ಮೇಜಿನ ಮೇಲಿಟ್ಟು, "ನೋಡೇ, ಬೆಳಗ್ಗೆ ಮೊಲೆ ಆಗಿತ್ತು, ಮಧ್ಯಾಹ್ನ ಬಸುರಾಯ್ತು, ಸಂಜೆ ಹೊತ್ತಿಗೆ ಮಂಡಿ ಆಗ್ತಿತ್ತೇನೋ" ಅಂದಳು. ಇಬ್ಬರೂ ನಕ್ಕರು. ನಗು ನಿಂತಾಗ ಅಕ್ಕ ಗೋಡೆ ಕಡೆ ತಿರುಗಿ ಕೂತಿದ್ದಳು. ಆಸ್ಪತ್ರೆಯಲ್ಲಿ ತೋರಿಸಿದ ಸಿಲಿಕೋನಿನ ಕೃತಕ ಎದೆ ದುಬಾರಿ, ಮೇಲಾಗಿ ಬೇಸಿಗೆಯಲ್ಲಿ ಬೆವರು ಎಂದು ಅವಳಿಗೆ ಬೇಡವಾಗಿತ್ತು.

ಮಾರನೆಯ ದಿನ ಗುಂಡಿ ಅತ್ತೆ ಮೆತ್ತಗಿನ ಹತ್ತಿ ನೂಲು ಆರಿಸಿ, ನಡುವಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಹೆಣೆದಳು. ಮೊದಲು ಸಣ್ಣದೊಂದು ಕಂದು ಬಣ್ಣದ ಮೊಗ್ಗು, ಅದರ ಸುತ್ತ ಸ್ವಲ್ಪ ತಿಳಿಯಾದ ಬಳೆ, ಆಮೇಲೆ ಅಕ್ಕನ ಮೈಬಣ್ಣ. ಒಳಗೆ ಹಗುರ ನಾರು ತುಂಬಿ ಹಿಂಬದಿ ಮುಚ್ಚಿದಳು. ಅಕ್ಕ ಹಾಕಿಕೊಂಡು ಕನ್ನಡಿ ಮುಂದೆ ಅತ್ತ ತಿರುಗಿದಳು, ಇತ್ತ ತಿರುಗಿದಳು.

"ತೊಟ್ಟು ಯಾಕೆ ಹಾಕ್ದೆ? ಯಾರು ನೋಡ್ತಾರೆ?"

"ನೀನು ನೋಡ್ತೀಯಲ್ಲ" ಅಂದಳು ತಂಗಿ.

ಅಕ್ಕ ಕುಪ್ಪಸ ಸರಿಮಾಡಿಕೊಂಡಳು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವಾರ್ಡಿನ ನರ್ಸಿಗೆ ಅದನ್ನು ತೆಗೆದೇ ತೋರಿಸಿದಳು. ನರ್ಸು ಕೈಯಲ್ಲಿ ಹಿಡಿದು ಒತ್ತಿ ನೋಡಿ, "ಇಂಥದ್ದು ಇನ್ನೂ ಕೆಲವು ಸಿಗುತ್ತಾ? ನಮ್ಮಲ್ಲಿ ಬರೋರಿಗೆ ಬೇಕು" ಅಂದಳು. ಹಾಗೆ ಶುರುವಾಯಿತು.

ಫೋಟೊ ಹಾಕುವ ಒಂದು ಆ್ಯಪಿನಲ್ಲಿ ಖಾತೆ ತೆರೆದುಕೊಟ್ಟವಳು ಅಕ್ಕನ ಮಗಳು. ಖಾತೆ ಗುಂಡಿ ಅತ್ತೆಯ ಹೆಸರಿನಲ್ಲಿ. ಅದಕ್ಕೆ ಅಂಟಿಕೊಂಡಂತೆ ಹೆಣೆದ ಎದೆಗಳಿಗೇ ಒಂದು ಪುಟ. ಹೇಗೆ ಅಳತೆ ಕೊಡುವುದು, ಹೇಗೆ ತೊಳೆಯುವುದು, ಗಾಯ ಎಷ್ಟು ಮಾಗಿದ ಮೇಲೆ ಡಾಕ್ಟರನ್ನು ಕೇಳಿ ಹಾಕಿಕೊಳ್ಳಬಹುದು, ಇವೆಲ್ಲ ನರ್ಸು ಹೇಳಿದ್ದನ್ನು ಅಕ್ಕನ ಮಗಳು ಅದೇ ಖಾತೆಯಿಂದ ಬರೆದು ಹಾಕುತ್ತಿದ್ದಳು. ಎಲ್ಲೆಲ್ಲಿಂದಲೋ ಹೆಂಗಸರು ಬರೆದರು. ಕೆಲವರು ಅಳತೆ ಕೇಳಿದರು, ಕೆಲವರು ಹೆಣೆಯುವುದು ಹೇಗೆಂದು ಕೇಳಿದರು. ಇನ್ನು ಕೆಲವರು ಏನೂ ಕೇಳಲಿಲ್ಲ, ಸುಮ್ಮನೆ ತಮಗಾದದ್ದನ್ನು ಹೇಳಿಕೊಂಡರು. ಅಂಥವರಿಗೆ ಗುಂಡಿ ಅತ್ತೆ, "ಓದ್ದೆ ತಾಯಿ. ಇಲ್ಲೇ ಇದೀನಿ" ಎಂದು ಬೆರಳಲ್ಲಿ ಕುಟ್ಟಿ ಕಳಿಸುತ್ತಿದ್ದಳು. ಹಣ ಕೊಟ್ಟವರದು ತೆಗೆದುಕೊಂಡಳು, ಕೊಡದವರನ್ನು ಕೇಳಲಿಲ್ಲ.

ಬಣ್ಣಕ್ಕೆ ಅವಳದೇ ಒಂದು ಉಪಾಯವಿತ್ತು. "ಮುಂಗೈ ಒಳಭಾಗದ ಫೋಟೊ ಕಳಿಸಿ, ಕಿಟಕಿ ಹತ್ರ ನಿಂತು ತೆಗೀರಿ" ಅನ್ನುತ್ತಿದ್ದಳು. ಹೀಗಾಗಿ ಅವಳ ಖಾತೆಯ ಸಂದೇಶಗಳ ತುಂಬ ಮುಖವಿಲ್ಲದ ಹೆಂಗಸರ ಕೈಗಳು. ಗೋಧಿ ಬಣ್ಣದವು, ಎಳ್ಳು ಬಣ್ಣದವು, ಸುಟ್ಟ ಇಟ್ಟಿಗೆಯಂಥವು, ನೀಲಿ ನರ ಕಾಣುವಷ್ಟು ತೆಳ್ಳಗಿನವು. ಮಧ್ಯಾಹ್ನ ಅಂಗಡಿಯಲ್ಲಿ ಅವುಗಳನ್ನು ಒಂದೊಂದಾಗಿ ಸರಿಸಿ ನೋಡುವಾಗ, ಆ ಕೈಗಳೆಲ್ಲ ಯಾವುದೋ ದೊಡ್ಡ ಮನೆಯ ಕಿಟಕಿಗಳಿಂದ ಹೊರಗೆ ಚಾಚಿಕೊಂಡಿರುವಂತೆ, ತಾನು ಅವುಗಳ ಕೆಳಗಿನ ಅಂಗಳದಲ್ಲಿ ನೂಲಿನ ಉಂಡೆ ಹಿಡಿದು ನಡೆಯುತ್ತಿರುವಂತೆ ಅವಳಿಗೆ ಅನ್ನಿಸುತ್ತಿತ್ತು.

ಹಾಗೆ ಬರೆದವರಲ್ಲಿ ಒಬ್ಬಳು ತನ್ನ ಮುಖದ ಜಾಗಕ್ಕೆ ಬೆಕ್ಕಿನ ಚಿತ್ರ ಹಾಕಿಕೊಂಡಿದ್ದಳು. ಹೆಸರೂ ಹೆಸರಿನಂತಿರಲಿಲ್ಲ, ಒಂದೆರಡು ಅಕ್ಷರ ಅಷ್ಟೆ. "ಅಕ್ಕಾ, ನನಗೆ ಇನ್ನೂ ಆಪರೇಶನ್ ಆಗಿಲ್ಲ. ಆಗೋದಿದೆ. ಮೊದಲೇ ಕೇಳಿಟ್ಟರೆ ತಪ್ಪಾ?" ಎಂದು ಕೇಳಿದ್ದಳು. ತಪ್ಪೇನಿಲ್ಲ ಎಂದು ಗುಂಡಿ ಅತ್ತೆ ಬರೆದಳು. ಬೆಕ್ಕಿನವಳು ದಿನಾ ಏನಾದರೂ ಕೇಳತೊಡಗಿದಳು: ಮಲಗಿದಾಗ ಹಾಕಿಕೋಬೇಕಾ, ಗಂಡನಿಗೆ ಗೊತ್ತಾಗುತ್ತಾ, ಎತ್ತರದಲ್ಲಿರೋ ಡಬ್ಬ ತೆಗೆಯೋಕೆ ಕೈ ಎತ್ತಿದರೆ ಬೀಳುತ್ತಾ. ಒಂದು ಸಂಜೆ ಮುಂಗೈ ಫೋಟೊ ಬಂತು. ಹಾಲು ಕಡಿಮೆ ಹಾಕಿದ ಚಹಾದಂಥ ಬಣ್ಣ, ಮಣಿಕಟ್ಟಿನ ಹತ್ತಿರ ಸಣ್ಣ ಮಚ್ಚೆ. "ಚೆಂದ ಇದೆ ನಿನ್ನ ಬಣ್ಣ. ವಿಳಾಸ ಕಳಿಸು" ಎಂದು ಗುಂಡಿ ಅತ್ತೆ ಬರೆದಳು.

ಅಷ್ಟು ಹೊತ್ತಿಗೆ ಇನ್ನೊಂದು ತಲೆನೋವು ಶುರುವಾಗಿತ್ತು.

ತೊಳೆದ ಎದೆಗಳನ್ನು ಕಿಟಕಿಯ ಅಂಚಿನಲ್ಲಿ ಸಾಲಾಗಿ ಒಣಗಲು ಇಟ್ಟು, ಹಿಂದಿನಿಂದ ಬೆಳಕು ಬೀಳುವಾಗ ಅವಳೊಂದು ಫೋಟೊ ತೆಗೆದು ಹಾಕಿದ್ದಳು. ಸ್ವಲ್ಪ ಹೊತ್ತಿಗೇ ಅದು ಮಾಯ. ಬದಲಿಗೆ ಒಂದು ಒಕ್ಕಣೆ: ಈ ಪೋಸ್ಟ್ ನಗ್ನತೆ ಮತ್ತು ಲೈಂಗಿಕ ಚಟುವಟಿಕೆಯ ಕುರಿತ ನಮ್ಮ ನಿಯಮಗಳಿಗೆ ವಿರುದ್ಧವಾಗಿದೆ. ಗುಂಡಿ ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದಳು. ನೂಲಿಗೆಂಥ ನಗ್ನತೆ? ಎಲ್ಲೋ ಕೈ ತಪ್ಪಿರಬೇಕೆಂದು ಅದೇ ಫೋಟೊವನ್ನು ಮತ್ತೆ ಹಾಕಿದಳು. ಈ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಪಾಪ, ಅದೊಂದು ಎರಡನೆಯ ತಪ್ಪೆಂದು ಅವಳ ಲೆಕ್ಕಕ್ಕೆ ಸೇರಿತೆಂಬುದು ಅವಳಿಗೆ ಗೊತ್ತಾಗಲಿಲ್ಲ. ಅವಳ ಫೋಟೊ ಹಂಚಿಕೊಂಡಿದ್ದ ಇಬ್ಬರು ಹೆಂಗಸರ ಪೋಸ್ಟೂ ಹೋಯಿತು. ಅಕ್ಕನ ಮಗಳು ಮರುಪರಿಶೀಲನೆ ಕೇಳುವ ಗುಂಡಿ ಒತ್ತಿದಳು. ನಿರ್ಧಾರ ಬದಲಿಲ್ಲ ಎಂದು ಉತ್ತರ ಬಂತು.

ಆಮೇಲೆ ನರ್ಸು ತನ್ನ ಬೆರಳಿನಿಂದ, ಹೆಣೆದ ಎದೆಯೊಂದರ ಮೇಲೆ, ಗಂಟಿದೆಯೇ ಎಂದು ನಾವೇ ಹೇಗೆ ಮುಟ್ಟಿ ನೋಡಿಕೊಳ್ಳಬೇಕೆಂದು ತೋರಿಸಿದ ವಿಡಿಯೊ ಹಾಕಿದರು. ಅದೂ ಹೋಯಿತು. ಇನ್ನೊಬ್ಬಾಕೆ ತಾನಾಗಿ ಒಪ್ಪಿ ಕಳಿಸಿದ್ದ ಚಿತ್ರ, ಮುಖವಿಲ್ಲದ್ದು, ಎದೆಯ ಮೇಲಿನ ಮಾಗಿದ ಗೆರೆಯ ಪಕ್ಕ ಹೆಣೆದ ಎದೆಯನ್ನು ಹಿಡಿದುಕೊಂಡದ್ದು, ಅದೂ ಹೋಯಿತು. ಅದು ಹೋದ ಮರುದಿನ ಮಧ್ಯಾಹ್ನ, ಬೆಕ್ಕಿನವಳು ವಿಳಾಸ ಕಳಿಸಿದ್ದಾಳೇನೋ ನೋಡೋಣವೆಂದು ಗುಂಡಿ ಅತ್ತೆ ಫೋನ್ ತೆಗೆದರೆ, ಖಾತೆಯೇ ಇರಲಿಲ್ಲ. ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ, ಒಪ್ಪದಿದ್ದರೆ ಆರು ತಿಂಗಳೊಳಗೆ ಮನವಿ ಸಲ್ಲಿಸಬಹುದು, ಅಷ್ಟೇ. ಪುಟವೂ ಇಲ್ಲ, ಅದನ್ನು ನಡೆಸುವ ಬೇರೆ ಖಾತೆ ಯಾವುದೂ ಇರಲಿಲ್ಲವಲ್ಲ. ಕೈಗಳೂ ಇಲ್ಲ, ಸಂದೇಶಗಳೂ ಇಲ್ಲ.

ಒಬ್ಬ ಗಿರಾಕಿ ಬಂದು ಬಿಳಿ ದಾರ ಕೇಳಿದ. ಅವಳು ಕಪ್ಪು ಕೊಟ್ಟಳು. ಅವನು ಕಪ್ಪನ್ನೇ ತೆಗೆದುಕೊಂಡು ಹೋದ, ಅವಳ ಮುಖ ಹಾಗಿತ್ತು.

ಸಂಜೆ ಅಕ್ಕನ ಮಗಳು ಕೆಲಸ ಮುಗಿಸಿ ಬಂದಳು. "ಚಿಕ್ಕಮ್ಮ, ಅಳ್ಬೇಡ. ಮನವಿ ಹಾಕೋಣ. ನೀನು ನೀನೇ ಅಂತ ತೋರಿಸಬೇಕಂತೆ, ಮುಖದ ವಿಡಿಯೊ ಕೇಳ್ತಿದೆ."

"ನಾನು ನಾನಲ್ಲ ಅಂತ ಯಾರಂದ್ರು?"

"ಅದು ಹಾಗೇನೇ. ಎಡಕ್ಕೆ ತಿರುಗು. ಈಗ ಬಲಕ್ಕೆ. ನಗಬೇಡ."

"ನಗ್ತಿಲ್ವೇ, ಮುಖವೇ ಹೀಗೆ."

ಕಳಿಸಿದರು. ಅಕ್ಕನ ಮಗಳು ಚಹಾ ಕುಡಿದು ಲೋಟ ತೊಳೆಯುವಷ್ಟರಲ್ಲಿ ಉತ್ತರ ಬಂತು. ಪರಿಶೀಲಿಸಿದ್ದೇವೆ, ಖಾತೆ ನಿಯಮ ಪಾಲಿಸಿಲ್ಲ, ಮುಚ್ಚಿಯೇ ಇರುತ್ತದೆ. "ಇಷ್ಟು ಬೇಗ ಯಾರು ನೋಡಿದ್ರು? ಮನುಷ್ಯರಾಗಿದ್ರೆ ಕನ್ನಡಕ ಹುಡುಕೋಕೇ ಇಷ್ಟು ಹೊತ್ತು ಬೇಕು" ಅಂದಳು ಅಕ್ಕ, ಅಡುಗೆಮನೆಯಿಂದಲೇ. ಅಕ್ಕನ ಅಳಿಯ ಹೊಸ ಖಾತೆ ತೆರೆಯಲು ಹೇಳಿದ. ತೆರೆದರು. ಮರುದಿನ ಅದೂ ಮುಚ್ಚಿತ್ತು. ಮುಚ್ಚಿದ ಖಾತೆಯವಳೇ ಮತ್ತೆ ಬಂದಿದ್ದಾಳೆಂದು ಅದಕ್ಕೆ ಹೇಗೋ ಗೊತ್ತಾಗಿತ್ತು.

ಖಾತೆ ಹೋದದ್ದಕ್ಕಿಂತ ಆ ಒಂದು ಶಬ್ದ ಗುಂಡಿ ಅತ್ತೆಯನ್ನು ಹೆಚ್ಚು ಕಾಡಿತು. ನಗ್ನತೆ. ಜೀವಮಾನವಿಡೀ ಬೇರೆಯವರು ಮೈ ಮುಚ್ಚಿಕೊಳ್ಳಲು ಗುಂಡಿ ಮಾರಿದವಳು ಅವಳು. ಮೇಲುಗಡೆ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, "ಏನೋ ಬೇಡದ ಫೋಟೊ ಹಾಕಿದ್ದಕ್ಕೆ ಮುಚ್ಚಿದ್ರಂತೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಗುಂಡಿ ಅತ್ತೆಯ ಕಿವಿ ಬಿಸಿಯಾಯಿತು. ಸರಸರ ಒಳಗೆ ಬಂದು, ಕಿಟಕಿ ಅಂಚಿನಲ್ಲಿದ್ದ ಎದೆಗಳನ್ನೆಲ್ಲ ಬುಟ್ಟಿಗೆ ಹಾಕಿ ಮೇಲೆ ಬಟ್ಟೆ ಮುಚ್ಚಿದಳು.

ಅಕ್ಕ ಅದನ್ನು ನೋಡಿದಳು. ಹತ್ತಿರ ಬಂದು ಬಟ್ಟೆ ತೆಗೆದು, ಒಂದೊಂದನ್ನೂ ಮತ್ತೆ ಕಿಟಕಿಯಲ್ಲಿ ಇಟ್ಟಳು.

"ನನ್ನದನ್ನ ಕತ್ತರಿಸಿ ತೆಗೆದಾಗ ನಾನು ತಲೆ ತಗ್ಗಿಸ್ಲಿಲ್ಲ. ನೀನು ಹೆಣೆದದ್ದಕ್ಕೆ ತಗ್ಗಿಸ್ತೀಯಾ?"

"ಅವರು ಹಾಗೆ ಬರೆದ್ರಲ್ಲಕ್ಕ."

"ಯಾರು ಅವರು? ಮುಖ ಇದ್ಯಾ ಅದಕ್ಕೆ? ಮುಖ ಇಲ್ದೋರು ಅಂದದ್ದಕ್ಕೆ ನೀನ್ಯಾಕೆ ಮುಖ ಮುಚ್ಕೋತೀಯ."

ಆದರೂ ಗುಂಡಿ ಅತ್ತೆ ಕೆಲವು ದಿನ ಮಂಕಾಗಿಯೇ ಇದ್ದಳು. ಕಣ್ಣಿಗೆ ಜೋಂಪು ಹತ್ತಿದರೆ ಒಂದು ಕನಸು. ಬೆಳಕು ತುಂಬಿದ ಬಹಳ ದೊಡ್ಡ ಕೋಣೆ. ಗಾಳಿಯಲ್ಲಿ ಚಿತ್ರಗಳು ತರಗೆಲೆಯ ಹಾಗೆ ಬೀಳುತ್ತಲೇ ಇವೆ. ನಡುವೆ ಒಂದು ಮಗು ಕೂತಿದೆ. ಅದಕ್ಕೆ ಕಣ್ಣೊಂದೇ ಇದೆ, ಕೈಯಿಲ್ಲ. ಹಾಗಾಗಿ ಏನನ್ನೂ ಮುಟ್ಟಿ ನೋಡಲಾರದು. ದುಂಡಗಿನದು, ನಡುವೆ ಕಪ್ಪು ಚುಕ್ಕಿ ಇರುವುದು ಬಂದಾಗೆಲ್ಲ ತಲೆ ಅಲ್ಲಾಡಿಸುತ್ತದೆ. ಗುಂಡಿ ಅತ್ತೆ ಬಗ್ಗಿ, "ಮರಿ, ಇದು ನೂಲು" ಎಂದು ತೋರಿಸಿದರೆ ಅದು ಕೇಳಿಸಿಕೊಳ್ಳುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ಎಚ್ಚರವಾದಾಗ ಅವಳಿಗೆ ಆ ಮಗುವಿನ ಮೇಲೆ ಕೋಪವೂ ಬರುತ್ತಿರಲಿಲ್ಲ, ಬರೀ ದಣಿವು.

ಅವಳ ಕೈಗೆ ಮತ್ತೆ ಹೆಣಿಗೆ ಕಡ್ಡಿ ಕೊಟ್ಟದ್ದು ಬೆಕ್ಕಿನವಳ ನೆನಪು. ಆಪರೇಶನ್ ಇಷ್ಟರಲ್ಲಿ ಆಗಿರಬೇಕು. ವಿಳಾಸವಿಲ್ಲ, ಊರು ಗೊತ್ತಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ. ಗೊತ್ತಿರುವುದು ಮುಂಗೈ ಬಣ್ಣ ಒಂದೇ. ಫೋಟೊ ಹೋಗಿದ್ದರೂ ಆ ಬಣ್ಣ ಅವಳ ಕಣ್ಣಲ್ಲಿ ಉಳಿದಿತ್ತು. ಅಂಗಡಿಯ ನೂಲುಗಳನ್ನೆಲ್ಲ ಬಾಗಿಲ ಬಿಸಿಲಿಗೆ ತಂದು ಹರವಿದಳು. ಇದು ಹಳದಿ ಹೆಚ್ಚು, ಇದು ಕೆಂಪು ಹೆಚ್ಚು. ಕೊನೆಗೆ ಎರಡು ತೆಳು ನೂಲನ್ನು ಸೇರಿಸಿ ಹಿಡಿದಾಗ ಅಲ್ಲೇ ಎದುರಿಗೆ ಆ ಮಣಿಕಟ್ಟು ಬಂದು ನಿಂತ ಹಾಗಾಯಿತು. ಅಳತೆಯಿಲ್ಲದೆ ಮಧ್ಯಮದ್ದೊಂದನ್ನು ಹೆಣೆಯುತ್ತ ಕೂತಳು. ಬಿಸಿಲು ಭರಣಿಗಳನ್ನು ದಾಟಿತು. ಯಾರಿಗೆಂದು ಗೊತ್ತಿಲ್ಲದವಳಿಗೆ ಹೆಣೆಯುವುದರಲ್ಲಿ ಒಂದು ವಿಚಿತ್ರ ನೆಮ್ಮದಿಯಿತ್ತು. ಕತ್ತಲಲ್ಲಿ ಎಲ್ಲೋ ನಡೆಯುತ್ತಿರುವವರ ದನಿ ಕೇಳಿಸದಿದ್ದರೂ, ಅವರು ಇತ್ತಲೇ ಬರುತ್ತಿದ್ದಾರೆಂದು ಅನ್ನಿಸಿದ ಹಾಗೆ.

ನರ್ಸು ಒಂದು ದಿನ ಅಂಗಡಿಗೇ ಬಂದಳು. ಎದೆಹಾಲು ಉಣಿಸುವ ತಾಯಂದಿರಿಗೆ ಹೇಳಿಕೊಡುವ ತನ್ನ ಗೆಳತಿಯೊಬ್ಬಳಿಗೂ ಹೀಗೇ ಆಗಿತ್ತಂತೆ. ಇಂಥ ತೊಂದರೆಗೆ ಸಿಕ್ಕವರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆ ಇದೆ, ಅವರ ಸಹಾಯವಾಣಿಗೆ ಫೋನ್ ಮಾಡಿ ಎಂದು ನಂಬರು ಕೊಟ್ಟಳು. ಗುಂಡಿ ಅತ್ತೆ ಅನುಮಾನದಿಂದಲೇ ಮಾಡಿದಳು. ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನುತ್ತಾರೆಂದುಕೊಂಡಿದ್ದರೆ, ಆ ಕಡೆಯಿಂದ ಒಬ್ಬ ಹೆಂಗಸು, ನೆಗಡಿಯಾದ ದನಿಯಲ್ಲಿ, "ಹೇಳಿ ಅಮ್ಮಾ" ಅಂದಳು.

ಗುಂಡಿ ಅತ್ತೆ ಮೊದಲಿಂದ ಹೇಳಿದಳು. ಕಾಲುಚೀಲದಿಂದ.

ಆ ಕಡೆಯವಳು ಪೂರ್ತಿ ಕೇಳಿಸಿಕೊಂಡಳು. ನಡುವೆ ಒಮ್ಮೆ ನಕ್ಕು, ಸೀನಿ, ಕ್ಷಮೆ ಕೇಳಿದಳು. ಆಮೇಲೆ, "ಮೊದಲ ಸಲ ತೆಗೆದ್ಮೇಲೆ ಅದೇ ಫೋಟೊ ಮತ್ತೆ ಹಾಕಿದ್ರಾ?" ಎಂದು ಕೇಳಿದಳು.

"ಹಾಕ್ದೆ. ತಪ್ಪಾಗಿ ಹೋಯ್ತು ಅನ್ಕೊಂಡೆ."

"ಎಲ್ಲರೂ ಹಾಗೇ ಮಾಡೋದು. ನೋಡಿ, ಅಷ್ಟು ಕೋಟಿ ಫೋಟೊ ಜನ ಕೂತು ನೋಡೋಕಾಗಲ್ಲ. ಮೊದಲು ಯಂತ್ರ ನೋಡತ್ತೆ. ಆಕಾರ, ಬಣ್ಣ ನೋಡಿ ಇದು ಇಂಥದ್ದಿರಬಹುದು ಅಂತ ಅಂದಾಜು ಮಾಡತ್ತೆ. ಒಂದು ಸಲ ತಪ್ಪು ಅಂತ ಗುರುತು ಹಾಕಿದ ಫೋಟೊ ಮತ್ತೆ ಬಂದ್ರೆ, ಯೋಚನೆನೇ ಮಾಡಲ್ಲ, ಹೋಲಿಸಿ ತೆಗೆದುಬಿಡತ್ತೆ. ಪ್ರತಿ ಸಲ ನಿಮ್ಮ ಹೆಸರಿಗೊಂದು ಗೆರೆ ಬೀಳತ್ತೆ. ಗೆರೆ ಹೆಚ್ಚಾದ್ರೆ ಖಾತೆ ಹೋಗತ್ತೆ."

"ಹಾಗಾದ್ರೆ ಅವರ ನಿಯಮವೇ ಹಾಗಾ?"

"ಅದೇ ತಮಾಷೆ. ನಿಯಮದಲ್ಲಿ ಎದೆ ಆಪರೇಶನ್ ಆದವರ ಫೋಟೊ, ಹಾಲುಣಿಸೋದು, ಆರೋಗ್ಯದ ಮಾಹಿತಿ, ಚಿತ್ರಕಲೆ, ಇವೆಲ್ಲ ಹಾಕಬಹುದು ಅಂತಲೇ ಇದೆ. ನಿಮ್ಮದಂತೂ ಮೈಯೇ ಅಲ್ಲ. ನಿಯಮ ಬರೆದೋರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ."

"ನೀವು ತೆಗೆಸಿಕೊಡ್ತೀರಾ?"

"ಬಾಗಿಲು ತೆಗೆಯೋ ಕೈ ನಮ್ಮದಲ್ಲ. ಆದ್ರೆ ಒಳಗಿರೋ ಮನುಷ್ಯರಿಗೆ ಕೇಳಿಸೋ ಹಾಗೆ ಎಲ್ಲಿ ತಟ್ಟಬೇಕು ಅಂತ ಗೊತ್ತು. ಕಂಪನಿಯಲ್ಲಿ ನಮ್ಮಂಥ ಸಂಸ್ಥೆಗಳ ದೂರು ನೋಡೋಕೆ ಅಂತ ಕೆಲವರಿದಾರೆ. ಆಗತ್ತೆ ಅಂತ ಮಾತು ಕೊಡಲ್ಲಮ್ಮ. ಇನ್ನು ಹೊಸ ಖಾತೆ ಮಾತ್ರ ತೆರೀಬೇಡಿ, ತಪ್ಪಿಸ್ಕೊಂಡು ಬರ್ತಿದೀರಿ ಅಂದ್ಕೊಳ್ಳತ್ತೆ."

ಬಂದಿದ್ದ ಒಕ್ಕಣೆಗಳ ಚಿತ್ರ, ಖಾತೆಯ ವಿಳಾಸ, ಹೆಣೆದ ಎದೆಯನ್ನು ಹಿಂದೆ ಮುಂದೆ ತೋರಿಸುವ ಫೋಟೊ, ಇದು ನಮ್ಮ ರೋಗಿಗಳಿಗೆ ಉಪಯೋಗವಾಗುತ್ತಿದೆ ಎಂದು ವಾರ್ಡಿನಿಂದ ನಾಲ್ಕು ಸಾಲು. ಎಲ್ಲವನ್ನೂ ಅಕ್ಕನ ಮಗಳು ಕಳಿಸಿದಳು. ಫೋನಿಟ್ಟ ಮೇಲೆ ಗುಂಡಿ ಅತ್ತೆ ಹಗುರಾದಳು. ಖಾತೆ ಬರುತ್ತದೆಂದಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಯಾರೋ ಸೀನುವವರು ತನ್ನ ಮಾತು ಕೇಳಿದ್ದರು.

ಆಮೇಲೆ ಕಾಯುವುದು. ವಾರಗಳು ನೂಲಿನ ಹಾಗೆ ಎಳೆದುಕೊಂಡು ಹೋದವು. ವಾರ್ಡಿನ ಗೋಡೆಯ ಮೇಲೆ ನರ್ಸು ಒಂದು ಚೀಟಿ ಅಂಟಿಸಿ ಅಂಗಡಿಯ ಫೋನ್ ನಂಬರು ಬರೆದಳು. ಹತ್ತಿರದ ಕೆಲವರು ಬಂದರು. ದೂರದವರು ಹೇಗೆ ಬರಬೇಕು? ಗುಂಡಿ ಅತ್ತೆ ಹೆಣೆದು ಹೆಣೆದು ಇಡುತ್ತಿದ್ದಳು. ಚಹಾ ಬಣ್ಣದ್ದು ಮಾತ್ರ ಬೇರೆ ಯಾರಿಗೂ ಕೊಡಲಿಲ್ಲ. ಒಬ್ಬರಿಗೆ ಸರಿಹೊಂದುವಂತಿದ್ದರೂ "ಅದು ಹೇಳಿಟ್ಟದ್ದು" ಅಂದುಬಿಟ್ಟಳು. ಹೇಳಿದವಳು ಎಲ್ಲಿ ಎಂದು ಅಕ್ಕ ಕೇಳಲಿಲ್ಲ, ಅವಳಿಗೂ ಅಷ್ಟು ಮರ್ಯಾದೆ ಗೊತ್ತಿತ್ತು.

ಒಂದು ಮೋಡದ ಬೆಳಗ್ಗೆ ಅಕ್ಕನ ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಓಡುತ್ತ ಬಂದಳು. ಏದುಸಿರು ಬಿಡುತ್ತ ಫೋನ್ ಮುಂದೆ ಹಿಡಿದಳು. ಪರಿಶೀಲನೆಯಲ್ಲಿ ನಮ್ಮಿಂದ ತಪ್ಪಾಗಿದೆ, ಖಾತೆಯನ್ನು ಮರಳಿಸಿದ್ದೇವೆ, ತೊಂದರೆಗೆ ವಿಷಾದಿಸುತ್ತೇವೆ. ಯಾರ ಹೆಸರೂ ಇರಲಿಲ್ಲ. ಪುಟ ಬಂತು. ಕಿಟಕಿ ಅಂಚಿನ ಫೋಟೊ ಬಂತು, ಮಾಗಿದ ಗೆರೆಯ ಪಕ್ಕದ ಫೋಟೊ ಬಂತು. ನರ್ಸಿನ ಬೆರಳ ವಿಡಿಯೊ ಮಾತ್ರ ಯಾಕೋ ಬರಲಿಲ್ಲ. ಗುಂಡಿ ಅತ್ತೆ ಅವ್ಯಾವುದನ್ನೂ ನೋಡದೆ ಸಂದೇಶಗಳನ್ನು ತೆರೆದು, ಬೆಕ್ಕನ್ನು ಹುಡುಕಿದಳು. ತಾನು ಕೊನೆಗೆ ಬರೆದದ್ದು ಅಲ್ಲೇ ಇತ್ತು: ವಿಳಾಸ ಕಳಿಸು. ಅದರ ಕೆಳಗೆ ಖಾಲಿ.

ಸ್ಟೂಲಿನ ಮೇಲೆ ಕೂತು, "ತಾಯಿ, ನಾನು ಬಂದೆ. ನನ್ನನ್ನು ಹೊರಗೆ ಹಾಕಿದ್ದರು. ನೀನು ಹೇಗಿದ್ದೀಯ?" ಎಂದು ಬರೆದಳು.

ಉತ್ತರ ಸಂಜೆ ಬಂತು. "ಅಕ್ಕಾ, ನಿಮ್ಮ ಹೆಸರಿನ ಜಾಗದಲ್ಲಿ ಬೂದು ಬಣ್ಣದ ಗೊಂಬೆ ಬಂದಿತ್ತು. ಏನು ಬರೆದರೂ ಹೋಗುತ್ತಿರಲಿಲ್ಲ. ತುಂಬ ಪ್ರಶ್ನೆ ಕೇಳಿ ಬೇಜಾರು ಮಾಡಿದೆ, ಅದಕ್ಕೇ ನನ್ನನ್ನು ದೂರ ಇಟ್ಟಿದ್ದೀರಿ ಅಂದುಕೊಂಡೆ. ಆಪರೇಶನ್ ಆಯಿತು. ಚೆನ್ನಾಗಿದ್ದೇನೆ. ಚೆನ್ನಾಗಿಲ್ಲ. ಎರಡೂ."

ಗುಂಡಿ ಅತ್ತೆ ಓದಿ, ಸೆರಗಿನಿಂದ ಫೋನಿನ ಗಾಜು ಒರೆಸಿದಳು, ಗಾಜು ಒದ್ದೆಯಾಗಿದ್ದಕ್ಕೆ.

ಬೆಕ್ಕಿನವಳು ಇದ್ದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಂಚೆಯಲ್ಲಿ ಕಳಿಸುತ್ತೇನೆಂದರೂ ಕೇಳದೆ ಅವಳೇ ಬಂದಳು. ಗುಂಡಿ ಅತ್ತೆ ಅಂದುಕೊಂಡದ್ದಕ್ಕಿಂತ ಎತ್ತರ, ವಯಸ್ಸಲ್ಲಿ ಇನ್ನೂ ಚಿಕ್ಕವಳು. ದುಪಟ್ಟಾವನ್ನು ಒಂದು ಬದಿಗೆ ದಪ್ಪಗೆ ಮಡಚಿ ಹೊದ್ದುಕೊಂಡಿದ್ದಳು. ಬಾಗಿಲಲ್ಲಿ ನಿಂತು ಎಡಗೈ ತಿರುಗಿಸಿ ಮುಂಗೈ ತೋರಿಸಿದಳು. ಮಣಿಕಟ್ಟಿನ ಹತ್ತಿರ ಸಣ್ಣ ಮಚ್ಚೆ.

"ಬಾ ಒಳಗೆ" ಅಂದಳು ಗುಂಡಿ ಅತ್ತೆ. "ಹೊಟ್ಟೆ ಒಳಗೆಳ್ಕೊ, ದಾರಿ ಸಣ್ಣದು."

ಅಂಗಡಿಯ ಹಿಂದೆ ಪರದೆ ಎಳೆದ ಜಾಗವಿತ್ತು. ಚಹಾ ಬಣ್ಣದ ಎದೆಯನ್ನು ಕೈಗೆ ಕೊಟ್ಟು ಗುಂಡಿ ಅತ್ತೆ ಈಚೆ ಬಂದು ನಿಂತಳು. ಒಳಗೆ ಬಟ್ಟೆ ಸರಿಯುವ ಸದ್ದು. ಆಮೇಲೆ ಸಣ್ಣಗೆ, "ಅಕ್ಕಾ, ಸ್ವಲ್ಪ ದೊಡ್ಡದಾಯ್ತು."

"ನಾರು ಕಡಿಮೆ ಮಾಡ್ತೀನಿ. ಅಳತೆ ಕೊಟ್ಟಿರ್ಲಿಲ್ವಲ್ಲ ನೀನು."

"ಬಣ್ಣ ಮಾತ್ರ... ಫೋಟೊ ಹೋಗಿತ್ತಲ್ವಾ, ಹೇಗೆ ನೆನಪಿಟ್ಟಿರಿ?"

ಗುಂಡಿ ಅತ್ತೆ ಹಿಂಬದಿ ಬಿಚ್ಚಲು ಕತ್ತರಿ ಹುಡುಕತೊಡಗಿದಳು. ಮೇಲಿನಿಂದ ಇಳಿದು ಬಂದಿದ್ದ ಅಕ್ಕ ಅವಳ ಬದಲು ಉತ್ತರ ಕೊಟ್ಟಳು. "ಅವಳಿಗೆ ಬೆಳಗ್ಗೆ ಏನು ತಿಂದ್ಳು ಅನ್ನೋದು ನೆನಪಿರಲ್ಲ. ಇಂಥದ್ದು ಇರತ್ತೆ."

ಪರದೆಯ ಹಿಂದಿನಿಂದ ನಗು ಬಂತು, ನಗುತ್ತಲೇ ಅಳುವೂ ಬಂತು. ಅಕ್ಕ ಒಳಗೆ ಹೋದಳು. ಇಬ್ಬರೂ ಏನೇನೋ ತೋರಿಸಿಕೊಂಡರು, ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಗುಂಡಿ ಅತ್ತೆ ಸ್ಟೂಲಿನಲ್ಲಿ ಕೂತು ನಾರು ಹೊರತೆಗೆದು ಹಿಂಬದಿಯನ್ನು ಮತ್ತೆ ಮುಚ್ಚಿಕೊಟ್ಟಳು. ಆ ಮಧ್ಯಾಹ್ನ ಯಾವ ಗಿರಾಕಿಯೂ ಬರಲಿಲ್ಲ. ಬಂದಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಈಗಲೂ ಯಂತ್ರ ಆಗಾಗ ಒಂದು ಫೋಟೊ ತೆಗೆಯುತ್ತದೆ. ಸಹಾಯವಾಣಿಯವಳು ಹೇಳಿದಂತೆ ಅದನ್ನೇ ಮತ್ತೆ ಹಾಕದೆ, ಮರುಪರಿಶೀಲನೆ ಕೇಳಿ ಸುಮ್ಮನಿರುತ್ತಾರೆ. ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ಪುಟ ನಡೆಸಲು ಅಕ್ಕನ ಮಗಳನ್ನೂ ನರ್ಸನ್ನೂ ಸೇರಿಸಿದ್ದಾರೆ. ಬರೆದವರ ವಿಳಾಸವನ್ನು ಬೇರೆ ಕಡೆಯೂ ಬರೆದಿಡುತ್ತಾರೆ. ನೀವು ತೊಟ್ಟು ಹಾಕದೆ ಹೆಣೆದರೆ ತೊಂದರೆಯೇ ಇರುವುದಿಲ್ಲವಲ್ಲ ಎಂದು ಯಾರೋ ಬುದ್ಧಿ ಹೇಳಿದರು. ಗುಂಡಿ ಅತ್ತೆ ಯೋಚಿಸಿದಳು. ಯೋಚಿಸಿ, ಮೊದಲಿನಂತೆಯೇ ನಡುವಿನಿಂದ ಶುರುಮಾಡಿದಳು.

ಬೆಕ್ಕಿನವಳು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಾಳೆ, ಹೆಣಿಗೆ ಕಲಿಯಲು. ಕೈ ಇನ್ನೂ ಬಿಗಿ. ಎಳೆ ಎಳೆದು ಎಳೆದು ಮೊದಲನೆಯದು ಮುಗಿದಾಗ ಮಗುವಿನ ಟೋಪಿಯಂತೆ ಚೂಪಾಗಿ ನಿಂತಿತು. ಅಕ್ಕ ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಎಲ್ಲ ಕಡೆಯಿಂದ ನೋಡಿದಳು.

"ಇದನ್ನ ಫೋಟೊ ತೆಗೆದು ಹಾಕಿ" ಅಂದಳು. "ಯಾವ ಯಂತ್ರವೂ ಮುಟ್ಟಲ್ಲ."

ಗುಂಡಿ ಅತ್ತೆ ನಗುತ್ತ ಕೊನೆಯ ಸುತ್ತನ್ನು ಬಿಚ್ಚಿ, ಕಡ್ಡಿಯನ್ನು ಬೆಕ್ಕಿನವಳ ಕೈಗೆ ಮರಳಿ ಕೊಟ್ಟಳು. "ಇಲ್ಲಿಂದ ಮತ್ತೆ. ಎಳೀಬೇಡ, ಅದಾಗೇ ಬರತ್ತೆ."